ಎಂಜಿನಿಯರಿಂಗ್ ಓದಿ ಡೇಟಾ ಕೆಲಸಕ್ಕೆ: ನಾಲ್ಕು ದಾರಿಗಳಲ್ಲಿ ಯಾವುದು ನಿಮಗೆ ಹತ್ತಿರ?

ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಿಕಲ್, ಕೆಮಿಕಲ್ ಓದಿದವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ. "ನಾನು ಡೇಟಾ ಕಡೆ ಬರಬಹುದಾ?" ನಾನೂ ಮೆಕ್ಯಾನಿಕಲ್ ಓದಿ ಈ ಕಡೆ ಬಂದವನೇ. ಈಗ ಬೇರೆಯವರನ್ನು ಸಂದರ್ಶನ ಮಾಡುವ ಜಾಗದಲ್ಲೂ ಆಗಾಗ ಕೂರುತ್ತೇನೆ. ಆದರೂ ಈ ಪ್ರಶ್ನೆಗೆ ಸೀದಾ ಹೌದು ಅಥವಾ ಇಲ್ಲ ಅಂತ ಹೇಳಲು ನನಗೆ ಬರುವುದಿಲ್ಲ. ಡೇಟಾ ಕೆಲಸ ಎಂಬ ಒಂದೇ ಹೆಸರಿನಡಿ ಕನಿಷ್ಠ ನಾಲ್ಕು ಬೇರೆ ಬೇರೆ ಕೆಲಸಗಳಿವೆ. ಒಂದಕ್ಕೆ ನೀವು ಆರು ತಿಂಗಳಲ್ಲಿ ತಯಾರಾಗಬಹುದು, ಇನ್ನೊಂದಕ್ಕೆ ಎರಡು ವರ್ಷವೂ ಸಾಲದೇ ಹೋಗಬಹುದು. ಹಾಗಾಗಿ ಮೊದಲು ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಆಮೇಲೆ ಮನೆಯಲ್ಲೇ ಕೂತು ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳುವುದು ಹೇಗೆ ಅಂತ ಹೇಳುತ್ತೇನೆ.

ನಾಲ್ಕು ಕೆಲಸ, ನಾಲ್ಕು ಥರದ ದಿನ

ಡೇಟಾ ಅನಲಿಸ್ಟ್ ಆದವರ ದಿನ ಯಾರದೋ ಪ್ರಶ್ನೆಯಿಂದ ಶುರುವಾಗುತ್ತದೆ. "ಕಳೆದ ತಿಂಗಳು ವಾಪಸ್ ಬಂದ ಮಾಲು ಯಾಕೆ ಹೆಚ್ಚಾಯಿತು?" ಕೇಳಲು ಸುಲಭ. ಆದರೆ ಗ್ರಾಹಕ ವಾಪಸ್ ಕೊಡುತ್ತೇನೆ ಅಂದ ದಿನವನ್ನು ಎಣಿಸಬೇಕಾ, ಮಾಲು ಗೋದಾಮಿಗೆ ಬಂದು ಸೇರಿದ ದಿನವನ್ನಾ? ಇಷ್ಟನ್ನು ತಿಳಿದುಕೊಳ್ಳಲೇ ಅರ್ಧ ದಿನ ಹೋಗುತ್ತದೆ. ಉಳಿದರ್ಧ ಡೇಟಾಬೇಸ್‌ನಿಂದ ಬೇಕಾದ್ದನ್ನು ಕೇಳಿ ತೆಗೆಯುವ ಎಸ್‌ಕ್ಯೂಎಲ್ ಬರೆಯುವುದು, ಬಂದ ಸಂಖ್ಯೆಯನ್ನು ಇನ್ನೊಂದು ವರದಿಯ ಜೊತೆ ತಾಳೆ ನೋಡುವುದು, ಒಂದು ಚಾರ್ಟ್ ಮಾಡಿ ನಾಲ್ಕು ಸಾಲಲ್ಲಿ ಉತ್ತರ ಬರೆಯುವುದು. ಗಣಿತ ಕಡಿಮೆ, ಮಾತು ಮತ್ತು ಬರಹ ಜಾಸ್ತಿ.

ಡೇಟಾ ಎಂಜಿನಿಯರ್ ಪ್ರಶ್ನೆಗಳಿಗೆ ಉತ್ತರ ಹುಡುಕುವುದಿಲ್ಲ, ಡೇಟಾ ಹರಿದು ಬರುವ ಕೊಳವೆ ಕಟ್ಟುತ್ತಾರೆ. ರಾತ್ರಿ ಎರಡಕ್ಕೆ ಬರಬೇಕಿದ್ದ ಫೈಲ್ ಬರಲಿಲ್ಲ. ನಿನ್ನೆಯವರೆಗೆ ಸಂಖ್ಯೆ ಇದ್ದ ಕಾಲಮ್‌ನಲ್ಲಿ ಇವತ್ತು ಅಕ್ಷರ ಬಂದಿದೆ. ಅರ್ಧಕ್ಕೆ ನಿಂತ ಪ್ರೋಗ್ರಾಂ ಅನ್ನು ಮತ್ತೆ ಓಡಿಸಿದರೆ ಎಲ್ಲ ಸಾಲುಗಳೂ ಎರಡೆರಡು ಸಲ ಸೇರಿಬಿಟ್ಟಿವೆ. ಇಂಥವನ್ನು ಬಿಡಿಸುವುದೇ ಅವರ ದಿನ. ಇದು ಸಾಫ್ಟ್‌ವೇರ್ ಕೆಲಸ. ಕೋಡ್ ಬರೆಯುವುದು ಇಷ್ಟವಿಲ್ಲದವರಿಗೆ ಈ ದಾರಿ ಬೇಡ.

ಡೇಟಾ ಸೈಂಟಿಸ್ಟ್ ಅನ್ನುವುದು ಎಲ್ಲರ ಕಣ್ಣಿರುವ ಹೆಸರು. ಏನನ್ನು ಊಹಿಸಬೇಕು, ಊಹೆ ಸರಿ ಅಂತ ಹೇಗೆ ಅಳೆಯಬೇಕು, ತಪ್ಪಾದರೆ ಯಾರಿಗೆ ಎಷ್ಟು ನಷ್ಟ ಅನ್ನುವುದನ್ನು ತೀರ್ಮಾನಿಸುವುದೇ ಇಲ್ಲಿನ ತಿರುಳು. ಮಾಡೆಲ್‌ಗೆ ತರಬೇತಿ ಕೊಡುವ ಕೋಡ್ ಹತ್ತು ಸಾಲಿನದು. ಅದಕ್ಕೆ ಮುಂಚೆ ಮತ್ತು ಆಮೇಲೆ ಇರುವುದೇ ಕೆಲಸ. ಅದಕ್ಕೆ ಸಂಖ್ಯಾಶಾಸ್ತ್ರ ಗಟ್ಟಿ ಇರಬೇಕು. ಇದೇ ವಿಷಯದಲ್ಲಿ ಉನ್ನತ ಪದವಿ ಮಾಡಿದವರೂ ಇದೇ ಸಾಲಿನಲ್ಲಿ ನಿಂತಿರುತ್ತಾರೆ.

ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ. ನಿಮ್ಮದೇ ಕ್ಷೇತ್ರದಲ್ಲಿ ಉಳಿದು ಅಲ್ಲಿನ ಡೇಟಾ ಮೇಲೆ ಕೆಲಸ ಮಾಡುವುದು. ಪಂಪಿನ ಕಂಪನ ನೋಡಿ ಬೇರಿಂಗ್ ಯಾವಾಗ ಹೋಗುತ್ತೆ ಅಂತ ಹೇಳುವುದು, ನಾಳೆ ಎಷ್ಟು ವಿದ್ಯುತ್ ಬೇಕಾಗಬಹುದು ಅಂತ ಅಂದಾಜು ಮಾಡುವುದು, ಯಾವ ಬ್ಯಾಚ್ ಯಾಕೆ ಕೆಟ್ಟಿತು ಅಂತ ಹುಡುಕುವುದು. ಹುದ್ದೆಯ ಹೆಸರು ರಿಲಯಬಿಲಿಟಿ ಎಂಜಿನಿಯರ್ ಅಂತಲೋ ಪ್ರೋಸೆಸ್ ಎಂಜಿನಿಯರ್ ಅಂತಲೋ ಇರುತ್ತದೆ. ಡೇಟಾ ಎಂಬ ಪದವೇ ಇಲ್ಲದೆ ಇರುವುದರಿಂದ ಹುಡುಕಾಟದಲ್ಲಿ ಕಣ್ಣಿಗೆ ಬೀಳುವುದಿಲ್ಲ. ನನ್ನ ಪ್ರಕಾರ ಬೇರೆ ಪದವಿಯಿಂದ ಬರುವವರಿಗೆ ಎಲ್ಲಕ್ಕಿಂತ ಹತ್ತಿರದ ದಾರಿ ಇದೇ. ಯಾಕೆ ಅಂತ ಮುಂದೆ ಒಂದು ಉದಾಹರಣೆಯಲ್ಲಿ ತೋರಿಸುತ್ತೇನೆ.

ನಿಮ್ಮ ಹತ್ತಿರ ಇರುವುದು, ಇಲ್ಲದಿರುವುದು

"ನಾನು ಸೊನ್ನೆಯಿಂದ ಶುರು ಮಾಡಬೇಕು" ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಎರಡನೇ ವರ್ಷದಲ್ಲಿ ಪ್ರಧಾನ ಒತ್ತಡ, ಅಂದರೆ ಪ್ರಿನ್ಸಿಪಲ್ ಸ್ಟ್ರೆಸ್ ಲೆಕ್ಕ ಮಾಡಿದ್ದು ನೆನಪಿದೆಯಾ? ಸ್ಟ್ರೆಸ್ ಮ್ಯಾಟ್ರಿಕ್ಸ್‌ನ ಐಗನ್ ಮೌಲ್ಯಗಳನ್ನು ಹುಡುಕುತ್ತಿದ್ದಿರಿ. ಹತ್ತಾರು ಕಾಲಮ್‌ಗಳನ್ನು ಕೆಲವಕ್ಕೆ ಇಳಿಸಲು ಡೇಟಾ ಕಡೆ ಬಳಸುವ, ಪಿಸಿಎ ಅಂತ ಕರೆಯುವುದು ಅದೇ ಲೆಕ್ಕವನ್ನು, ಮ್ಯಾಟ್ರಿಕ್ಸ್ ಮಾತ್ರ ಕೋವೇರಿಯನ್ಸ್‌ದು. ಕಂಟ್ರೋಲ್ ಪಾಠದಲ್ಲಿ ಬಂದ ಫಸ್ಟ್ ಆರ್ಡರ್ ಲ್ಯಾಗ್ ಕೂಡ ಹಾಗೆಯೇ. ಅದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದರೆ `y = a*x + (1-a)*y_prev` ಅಂತ ಆಗುತ್ತದೆ. ಏರಿಳಿತವಿರುವ ಡೇಟಾವನ್ನು ನಯ ಮಾಡಲು ಎಲ್ಲರೂ ಬಳಸುವ ಎಕ್ಸ್‌ಪೊನೆನ್ಷಿಯಲ್ ಸರಾಸರಿ ಇದೇ. ಅದರಲ್ಲಿರುವ `a`ಗೂ ನಿಮ್ಮ ಟೈಮ್ ಕಾನ್‌ಸ್ಟಂಟ್‌ಗೂ ಇರುವ ನಂಟು ನಿಮಗೆ ಗೊತ್ತು, ಬೇರೆ ಹಿನ್ನೆಲೆಯವರು ಅದನ್ನು ಕಣ್ಣಂದಾಜಿನಲ್ಲಿ ಹಾಕುತ್ತಾರೆ.

ಇಲ್ಲದಿರುವುದು ಏನು? ಮೊದಲನೆಯದು ಸ್ಯಾಂಪಲ್‌ನಿಂದ ಸತ್ಯವನ್ನು ಊಹಿಸುವ ವಿದ್ಯೆ. ನಮಗೆ ಸೂತ್ರ ಕೊಟ್ಟು ಉತ್ತರ ತೆಗೆಯಲು ಕಲಿಸಿದರು. ಇಲ್ಲಿ ಉತ್ತರಗಳ ರಾಶಿ ಕೊಟ್ಟು ಸೂತ್ರ ಇದೆಯೋ ಇಲ್ಲವೋ ಅಂತಲೇ ಕೇಳುತ್ತಾರೆ. ಎರಡನೆಯದು ಟೇಬಲ್‌ಗಳಲ್ಲಿ ಯೋಚಿಸುವ ಅಭ್ಯಾಸ. ಇದನ್ನು ಪುಸ್ತಕ ಓದಿ ಕಲಿಯುವುದು ಕಷ್ಟ, ಒಮ್ಮೆಯಾದರೂ ಕೈ ಸುಟ್ಟುಕೊಳ್ಳಬೇಕು. ಮೂರನೆಯದು ಗಿಟ್, ಟೆಸ್ಟ್ ಮೊದಲಾದ ಕೋಡ್ ಶಿಸ್ತು. ಅದು ತಾನಾಗೇ ಬರುತ್ತೆ, ತಲೆ ಕೆಡಿಸಿಕೊಳ್ಳಬೇಡಿ.

ಮೊದಲ ಪರೀಕ್ಷೆ: ತಪ್ಪು ಉತ್ತರ ಕಣ್ಣಿಗೆ ಬೀಳುತ್ತಾ?

ಅನಲಿಸ್ಟ್ ದಾರಿ ನಿಮಗೆ ಒಗ್ಗುತ್ತದೆಯೇ ಅಂತ ನೋಡಲು ದೊಡ್ಡ ಕೋರ್ಸ್ ಬೇಡ. ಇಷ್ಟು ಚಿಕ್ಕ ಲೆಕ್ಕ ಸಾಕು. ಮೂರು ಯಂತ್ರಗಳಿವೆ. ಎ 1000 ಗಂಟೆ ಓಡಿದೆ, ಬಿ 2000 ಗಂಟೆ, ಸಿ 3000 ಗಂಟೆ. ಎ ಒಂದು ಸಲ ರಿಪೇರಿಗೆ ಬಂದಿದೆ, ಬಿ ಮೂರು ಸಲ, ಸಿ ಒಂದು ಸಲವೂ ಇಲ್ಲ. ಸರಾಸರಿ ಎಷ್ಟು ಗಂಟೆಗೆ ಒಂದು ರಿಪೇರಿ? ಒಟ್ಟು 6000 ಗಂಟೆ, ನಾಲ್ಕು ರಿಪೇರಿ. ಉತ್ತರ 1500. ಬಾಯಲ್ಲೇ ಹೇಳಬಹುದು.

ಈಗ ಯಂತ್ರಗಳು ಒಂದು ಟೇಬಲ್‌ನಲ್ಲಿ, ರಿಪೇರಿಗಳು ಇನ್ನೊಂದು ಟೇಬಲ್‌ನಲ್ಲಿ ಇವೆ ಅಂದುಕೊಳ್ಳಿ. ಹೊಸಬರು ಬರೆಯುವುದು ಹೀಗೆ:

```sql
SELECT SUM(m.hours) / COUNT(*)
FROM machines m
JOIN repairs r ON r.machine_id = m.id;
```

ಉತ್ತರ 1750 ಬರುತ್ತದೆ. ಎಲ್ಲಿ ಎಡವಿದೆವು? ಬಿ ಯಂತ್ರಕ್ಕೆ ಮೂರು ರಿಪೇರಿ ಇರುವುದರಿಂದ ಅದರ ಸಾಲು ಮೂರು ಸಲ ಬಂತು, 2000 ಇದ್ದದ್ದು 6000 ಆಯಿತು. ಸಿ ಯಂತ್ರಕ್ಕೆ ರಿಪೇರಿಯೇ ಇಲ್ಲ, ಹಾಗಾಗಿ ಅದು ಪಟ್ಟಿಯಿಂದಲೇ ಮಾಯವಾಯಿತು. ಎಯ 1000, ಬಿಯ 6000, ಒಟ್ಟು 7000, ಭಾಗಿಸು ನಾಲ್ಕು. ಒಂದು ತಪ್ಪು ಮೊತ್ತವನ್ನು ಏರಿಸಿತು, ಇನ್ನೊಂದು ಇಳಿಸಿತು. ಎರಡೂ ಸೇರಿ ನಂಬುವ ಹಾಗಿರುವ ಸಂಖ್ಯೆ ಬಂತು. ಹತ್ತು ಪಟ್ಟು ತಪ್ಪಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. 1750 ಅಂದರೆ ಯಾರಿಗೂ ಬರುವುದಿಲ್ಲ. ಅದರಲ್ಲೂ ಎಂದೂ ಕೆಡದ, ಎಲ್ಲಕ್ಕಿಂತ ಒಳ್ಳೆಯ ಯಂತ್ರವೇ ಲೆಕ್ಕದಿಂದ ಹೊರಗೆ ಹೋಗಿರುತ್ತದೆ.

ಸರಿಪಡಿಸುವುದು ಸುಲಭ. ಜೋಡಿಸುವ ಮೊದಲೇ ರಿಪೇರಿಗಳನ್ನು ಯಂತ್ರಕ್ಕೊಂದು ಸಾಲಿನಂತೆ ಎಣಿಸಿಕೊಳ್ಳಬೇಕು, ರಿಪೇರಿ ಇಲ್ಲದ ಯಂತ್ರವನ್ನೂ ಉಳಿಸಿಕೊಳ್ಳಬೇಕು.

```sql
SELECT SUM(m.hours) / SUM(COALESCE(r.n, 0))
FROM machines m
LEFT JOIN (
  SELECT machine_id, COUNT(*) AS n
  FROM repairs
  GROUP BY machine_id
) r ON r.machine_id = m.id;
```

ಸಂದರ್ಶನದಲ್ಲಿ ನಾನು ಇಂಥದ್ದೇ ಒಂದು ಲೆಕ್ಕ ಕೊಡುತ್ತೇನೆ. ಮೊದಲ ಸಲವೇ ಸರಿ ಬರೆಯಬೇಕು ಅಂತ ನನ್ನ ನಿರೀಕ್ಷೆ ಇರುವುದಿಲ್ಲ. ಉತ್ತರ ಬಂದ ಮೇಲೆ ಏನು ಮಾಡುತ್ತಾರೆ ಅಂತ ನೋಡುತ್ತೇನೆ. ಕೆಲವರು ತಕ್ಷಣ "ಆಯ್ತು" ಅನ್ನುತ್ತಾರೆ. ಇನ್ನು ಕೆಲವರು "ಒಂದ್ನಿಮಿಷ" ಅಂತ ಜೋಡಿಸುವ ಮೊದಲು ಎಷ್ಟು ಸಾಲಿತ್ತು, ಆಮೇಲೆ ಎಷ್ಟಾಯಿತು ಅಂತ ಎಣಿಸಿ ನೋಡುತ್ತಾರೆ. ಈ ಎರಡನೆಯವರಿಗೆ ಉಳಿದದ್ದನ್ನು ಕಲಿಸಬಹುದು. ಎಂಜಿನಿಯರಿಂಗ್ ಓದಿದವರಲ್ಲಿ ಎರಡನೆಯವರು ಕಡಿಮೆಯೇನಿಲ್ಲ. ಲ್ಯಾಬ್‌ನಲ್ಲಿ ರೀಡಿಂಗ್ ತೆಗೆದು ಗ್ರಾಫ್ ಗೆರೆಯ ಮೇಲೆ ಕೂರದಿದ್ದರೆ ಮತ್ತೆ ತೆಗೆದ ಅಭ್ಯಾಸ ಇದೆಯಲ್ವಾ, ಅದೇ ಇದು. (ಗೆರೆಗೆ ಸರಿಯಾಗಿ ರೀಡಿಂಗ್ ಬದಲಾಯಿಸಿದವರೂ ಇದ್ದಾರೆ. ಅವರು ದಯವಿಟ್ಟು ಈ ಕಡೆ ಬರಬೇಡಿ.)

ಎರಡನೇ ಪರೀಕ್ಷೆ: ನೂರು ಎಂಜಿನ್‌ಗಳ ಫೈಲ್

ಸೈಂಟಿಸ್ಟ್ ದಾರಿಗೂ ನಾಲ್ಕನೇ ದಾರಿಗೂ ಒಂದೇ ಪರೀಕ್ಷೆ ಸಾಕು. ನಾಸಾದವರು 2008ರಲ್ಲಿ ಹೊರತಂದ ಸಿ-ಮ್ಯಾಪ್ಸ್ ಎಂಬ ಡೇಟಾ ಇದೆ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ವಿಮಾನದ ಟರ್ಬೊಫ್ಯಾನ್ ಎಂಜಿನ್‌ಗಳು ಸವೆಯುತ್ತಾ ಹೋಗಿ ಕೆಡುವುದನ್ನು ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟ್ ಮಾಡಿ ಬರೆದಿಟ್ಟ ಫೈಲ್‌ಗಳು. ಅದರಲ್ಲಿ `train_FD001.txt` ತೆಗೆಯಿರಿ. ನೂರು ಎಂಜಿನ್, 20,631 ಸಾಲು, 26 ಕಾಲಮ್. ಎಂಜಿನ್ ನಂಬರ್, ಎಷ್ಟನೇ ಸೈಕಲ್ ಅಂದರೆ ಎಷ್ಟನೇ ಸಲದ ಓಟ, ಮೂರು ಸೆಟ್ಟಿಂಗ್, 21 ಸೆನ್ಸರ್. ಈಗ ಓಡುತ್ತಿರುವ ಎಂಜಿನ್ ಇನ್ನೆಷ್ಟು ಸೈಕಲ್ ಬಾಳುತ್ತದೆ ಅಂತ ಹೇಳಬೇಕು.

ಮೊದಲ ಅಡ್ಡಿ ಫೈಲ್ ತೆರೆಯುವಾಗಲೇ ಬರುತ್ತದೆ. ಕಾಲಮ್ ಹೆಸರುಗಳಿಲ್ಲ. ಪ್ರತಿ ಸಾಲಿನ ಕೊನೆಯಲ್ಲಿ ಹೆಚ್ಚುವರಿ ಸ್ಪೇಸ್ ಇದೆ, ಹಾಗಾಗಿ ಒಂದು ಸ್ಪೇಸ್‌ಗೆ ಒಂದು ಕಾಲಮ್ ಅಂತ ಓದಿಸಿದರೆ ಕೊನೆಗೆ ಎರಡು ಖಾಲಿ ಕಾಲಮ್ ಬಂದು ಕೂರುತ್ತವೆ. ಪೈಥಾನ್‌ನ pandas ಲೈಬ್ರರಿಯಲ್ಲಿ ಓದಿಸುವಾಗ `sep=r"\s+"` ಅಂತ ಕೊಟ್ಟರೆ ಸರಿಹೋಗುತ್ತದೆ. ಸಣ್ಣ ವಿಷಯ. ಆದರೆ ಈ ಥರದ ಸಣ್ಣ ವಿಷಯ ದಿನಕ್ಕೆ ಹತ್ತು ಬರುತ್ತವೆ. ಇದಕ್ಕೇ ಬೇಸರ ಬಂದರೆ ಅದನ್ನು ಗಮನದಲ್ಲಿಟ್ಟುಕೊಳ್ಳಿ.

ಎರಡನೆಯದು ಇನ್ನೂ ಸ್ವಾರಸ್ಯ. ಸೆನ್ಸರ್‌ಗಳಲ್ಲಿ ಕೆಲವು ಉದ್ದಕ್ಕೂ ಬದಲಾಗುವುದೇ ಇಲ್ಲ. ಮೊದಲ ಸೆನ್ಸರ್ ಎಲ್ಲ ಸಾಲಿನಲ್ಲೂ 518.67. ಕೋಡ್ ಮಾತ್ರ ಬಲ್ಲವರು ಇದನ್ನು ಉಪಯೋಗವಿಲ್ಲದ ಕಾಲಮ್ ಅಂತ ಕಿತ್ತು ಹಾಕುತ್ತಾರೆ. ಅದು ತಪ್ಪೂ ಅಲ್ಲ. ಥರ್ಮೊಡೈನಮಿಕ್ಸ್ ಓದಿದವರು ಒಂದು ಕ್ಷಣ ನಿಲ್ಲುತ್ತಾರೆ. 518.67 ಅಂದರೆ ರ‍್ಯಾಂಕಿನ್ ಲೆಕ್ಕದ ತಾಪಮಾನ. 459.67 ಕಳೆದರೆ 59 ಫ್ಯಾರನ್‌ಹೀಟ್, ಅಂದರೆ 15 ಸೆಲ್ಸಿಯಸ್. ಸಮುದ್ರ ಮಟ್ಟದ ಪ್ರಮಾಣಿತ ತಾಪಮಾನ. ಹಾಗಾದರೆ ಈ ಫೈಲ್‌ನ ಎಂಜಿನ್‌ಗಳೆಲ್ಲ ನೆಲಮಟ್ಟದ ಒಂದೇ ಸ್ಥಿತಿಯಲ್ಲಿ ಓಡಿವೆ. ಮುಂದಿನ ಫೈಲ್ FD002ರಲ್ಲಿ ಆರು ಬೇರೆ ಬೇರೆ ಸ್ಥಿತಿಗಳಿವೆ, ಎತ್ತರ ಮತ್ತು ವೇಗ ಬದಲಾಗುತ್ತವೆ. ಅಲ್ಲಿ ಇದೇ ಸೆನ್ಸರ್ ಕುಣಿದಾಡುತ್ತದೆ. ಅದು ಸವೆತದ ಗುರುತಲ್ಲ, ಎಂಜಿನ್ ಯಾವ ಎತ್ತರದಲ್ಲಿದೆ ಅನ್ನುವುದರ ಗುರುತು. ಮೊದಲು ಸ್ಥಿತಿವಾರು ಬೇರ್ಪಡಿಸಿ ಆಮೇಲೆ ಹೋಲಿಸಬೇಕು ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾಲ್ಕನೇ ಸೆನ್ಸರ್ ಟರ್ಬೈನ್‌ನಿಂದ ಹೊರಬರುವ ಅನಿಲದ ತಾಪಮಾನ. ಎಂಜಿನ್ ಕೊನೆಗಾಲಕ್ಕೆ ಬಂದ ಹಾಗೆ ಅದು ಏರುತ್ತದೆ. ಕಂಪ್ರೆಸರ್ ಸವೆದು ದಕ್ಷತೆ ಬಿದ್ದಾಗ ಅಷ್ಟೇ ಕೆಲಸಕ್ಕೆ ಹೆಚ್ಚು ಇಂಧನ ಸುಡಬೇಕು, ಅದಕ್ಕೇ ಬಿಸಿ ಹೆಚ್ಚುತ್ತದೆ. ನಿಮಗೆ ಇದು ಕಾರಣ ಸಮೇತ ಗೊತ್ತು. ಬೇರೆಯವರಿಗೆ ಇದು ಮೇಲೇರುವ ಒಂದು ಗೆರೆ. ನಾಲ್ಕನೇ ದಾರಿಯಲ್ಲಿ ನಿಮ್ಮ ಪದವಿಗೆ ಬೆಲೆ ಇರುವುದು ಇಂಥ ಕಡೆ. ವಾಪಸ್ ಬಂದ ಮಾಲಿನ ಲೆಕ್ಕ ಹಾಕುವಾಗ ಇದು ಕೆಲಸಕ್ಕೆ ಬರುವುದಿಲ್ಲ.

ಈಗ ಮಾಡೆಲ್. ಇಲ್ಲೇ ಬಹಳ ಜನ ಬೀಳುವುದು, ನಾನೂ ಬಿದ್ದಿದ್ದೇನೆ. 20,631 ಸಾಲುಗಳನ್ನು ಕಲಸಿ, ಶೇಕಡಾ 80 ತರಬೇತಿಗೆ, ಉಳಿದದ್ದು ಪರೀಕ್ಷೆಗೆ ಅಂತ ತೆಗೆದಿಟ್ಟು, ಎಂಜಿನ್ ನಂಬರ್ ಕಾಲಮ್ ಅನ್ನೂ ಹಾಗೇ ಬಿಟ್ಟು ಓಡಿಸಿದರೆ ಮಾಡೆಲ್ ಬೆರಗಾಗುವಷ್ಟು ಚೆನ್ನಾಗಿ ಹೇಳುತ್ತದೆ. ಯಾಕೆ ನೋಡಿ. ಒಂದನೇ ನಂಬರ್ ಎಂಜಿನ್ 192 ಸೈಕಲ್ ಬಾಳಿದೆ. ಅದರ ನೂರನೇ ಸೈಕಲ್ ಪರೀಕ್ಷೆಗೆ ಬಂದಿದೆ ಅಂದುಕೊಳ್ಳಿ, ಸರಿಯುತ್ತರ 92. ಆದರೆ 99ನೇ ಸೈಕಲ್‌ಗೆ ಉತ್ತರ 93 ಅಂತಲೂ 101ನೇದಕ್ಕೆ 91 ಅಂತಲೂ ತರಬೇತಿಯಲ್ಲೇ ಮಾಡೆಲ್ ನೋಡಿಬಿಟ್ಟಿದೆ. ನಡುವಿನದು 92 ಅನ್ನಲು ಸೆನ್ಸರ್ ಯಾಕೆ ಬೇಕು? ಅದು ಸವೆತವನ್ನು ಕಲಿಯಲೇ ಇಲ್ಲ, ಎಂಜಿನ್ ನಂಬರ್ ನೋಡಿ ಉತ್ತರ ಬಾಯಿಪಾಠ ಮಾಡಿದೆ.

ನಾನು ಮೊದಲು ಮಾಡಿದ ಇಂಥದ್ದೇ ಕೆಲಸ ಪಂಪ್‌ಗಳ ಮೇಲೆ. ಚಾರ್ಟ್ ಹಿಡಿದು ಹೆಮ್ಮೆಯಿಂದ ಮೀಟಿಂಗ್‌ಗೆ ಹೋದೆ. ಮೇಂಟೆನೆನ್ಸ್‌ನ ಹಿರಿಯರೊಬ್ಬರು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು. "ನಾಳೆ ಹೊಸ ಪಂಪ್ ಬಂದ್ರೆ ಅದರ ಬಗ್ಗೆ ಏನು ಹೇಳುತ್ತಪ್ಪಾ ಇದು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರಿಗೆ ಪೈಥಾನ್ ಗೊತ್ತಿರಲಿಲ್ಲ, ಆದರೆ ಸರಿಯಾದ ಪರೀಕ್ಷೆ ಯಾವುದು ಅಂತ ಗೊತ್ತಿತ್ತು. ಆ ಕೆಲಸವನ್ನು ಇಡೀ ಮತ್ತೆ ಮಾಡಿದೆ. ಎರಡನೇ ಸಲ ಬಂದ ಫಲಿತಾಂಶ ಸಾಧಾರಣವಾಗಿತ್ತು, ಆದರೆ ನಿಜವಾಗಿತ್ತು.

ಸರಿಯಾದ ಕ್ರಮ ಏನೆಂದರೆ ಒಂದು ಎಂಜಿನ್‌ನ ಎಲ್ಲ ಸಾಲುಗಳೂ ಒಂದೇ ಕಡೆ ಇರಬೇಕು. 80 ಎಂಜಿನ್ ತರಬೇತಿಗೆ, ಮಾಡೆಲ್ ಕಂಡೇ ಇರದ 20 ಎಂಜಿನ್ ಪರೀಕ್ಷೆಗೆ. ಹೀಗೆ ಐದು ಸಲ ಸರದಿ ಬದಲಿಸಬೇಕು. ಪೈಥಾನ್‌ನ scikit-learn ಲೈಬ್ರರಿಯಿಂದ `GroupKFold`, `cross_val_score` ಎರಡನ್ನೂ import ಮಾಡಿಕೊಂಡರೆ ಇದಕ್ಕೆ ಎರಡು ಸಾಲಿನ ಕೋಡ್ ಸಾಕು:

```python
cv = GroupKFold(n_splits=5)
scores = cross_val_score(model, X, y, groups=df["unit"], cv=cv)
```

ಇಲ್ಲಿ `X` ಒಳಗೆ ಎಂಜಿನ್ ನಂಬರ್ ಇರಕೂಡದು. ಗುಂಪು ಮಾಡಲು ಮಾತ್ರ ಅದು ಬೇಕು.

ಇದರ ಜೊತೆ ಒಂದು ಪೆದ್ದು ಮಾಡೆಲ್ ಕೂಡ ಇಟ್ಟುಕೊಳ್ಳಿ. ಈ ನೂರು ಎಂಜಿನ್‌ಗಳ ಸರಾಸರಿ ಆಯಸ್ಸು ಸುಮಾರು 206 ಸೈಕಲ್. ಹಾಗಾದರೆ 206ರಿಂದ ಈಗಿನ ಸೈಕಲ್ ಕಳೆದದ್ದೇ ಉಳಿದ ಆಯಸ್ಸು ಅನ್ನಿ. ಬೇಗ ಕೆಟ್ಟದ್ದು 128ಕ್ಕೆ, ಹೆಚ್ಚು ಬಾಳಿದ್ದು 362ಕ್ಕೆ. ಅಂದರೆ ಈ ಪೆದ್ದು ಲೆಕ್ಕ 250ನೇ ಸೈಕಲ್‌ನಲ್ಲಿ ಆರಾಮಾಗಿ ಓಡುತ್ತಿರುವ ಎಂಜಿನ್‌ಗೆ ಉಳಿದ ಆಯಸ್ಸು ಮೈನಸ್ 44 ಅನ್ನುತ್ತದೆ. ನಿಮ್ಮ ಮಾಡೆಲ್ ಇದನ್ನಾದರೂ ಚೆನ್ನಾಗಿ ಸೋಲಿಸಬೇಕು. ಸೋಲಿಸದಿದ್ದರೆ ಎಲ್ಲೋ ತಪ್ಪಿದೆ. ತೀರಾ ಹೆಚ್ಚು ಸೋಲಿಸಿದರೂ ಎಲ್ಲೋ ಸೋರುತ್ತಿದೆ ಅಂತ ಅನುಮಾನ ಪಡಬೇಕು.

ಇನ್ನೊಂದು ಗಮನಿಸಿ. ಹೊಸ ಎಂಜಿನ್‌ನ ಸೆನ್ಸರ್‌ಗಳಲ್ಲಿ ಏನೂ ಕಾಣುವುದಿಲ್ಲ, ಸವೆತ ಇನ್ನೂ ಶುರುವಾಗಿರುವುದಿಲ್ಲ. ಅದು 150 ಬಾಳುತ್ತೋ 300 ಬಾಳುತ್ತೋ ಅಂತ ಆಗಲೇ ಹೇಳುವುದು ಯಾರಿಂದಲೂ ಆಗದ ಕೆಲಸ. ಅದಕ್ಕೇ ಈ ಡೇಟಾ ಮೇಲೆ ಕೆಲಸ ಮಾಡುವವರು ಉಳಿದ ಆಯಸ್ಸನ್ನು 125 ಸೈಕಲ್‌ನಂಥ ಒಂದು ಮಿತಿಗೆ ಕಟ್ಟಿಹಾಕುತ್ತಾರೆ, ಅದಕ್ಕಿಂತ ಮೇಲಿದ್ದರೆ ಎಲ್ಲವೂ "ಇನ್ನೂ ಚೆನ್ನಾಗಿದೆ" ಅಂತ ಒಂದೇ. ಇದನ್ನು ಯಾರೂ ಹೇಳದೆ ನೀವೇ ಗ್ರಾಫ್ ನೋಡಿ ಕಂಡುಕೊಂಡರೆ, ಸೈಂಟಿಸ್ಟ್ ದಾರಿಯೂ ನಿಮಗೆ ತೀರಾ ದೂರವಿಲ್ಲ ಅನ್ನುತ್ತೇನೆ.

ಇದಿಷ್ಟನ್ನೂ ಮಾಡಲು ಪೈಥಾನ್ ಸ್ವಲ್ಪ ಬಲ್ಲವರಿಗೆ ನಾಲ್ಕು ವಾರಾಂತ್ಯ ಸಾಕು. ಮಾಡುವಾಗ ನಿಮ್ಮ ಮೇಲೂ ಒಂದು ಕಣ್ಣಿಡಿ. ತಪ್ಪು ಹುಡುಕುವಾಗ ಹೊತ್ತು ಹೋದದ್ದೇ ತಿಳಿಯಲಿಲ್ಲವಾ? ಅಥವಾ ಯಾವಾಗ ಮಾಡೆಲ್ ಓಡಿಸುವ ಭಾಗ ಬರುತ್ತೋ ಅಂತ ಕಾಯುತ್ತಿದ್ದಿರಾ? ಎರಡನೆಯದಾದರೆ ಯಾವ ದಾರಿಯಲ್ಲೂ ಕೆಲಸದ ಬಹುಪಾಲು ನಿಮಗೆ ಬೇಸರ ತರಿಸುತ್ತದೆ.

ಡೇಟಾ ಎಂಜಿನಿಯರ್‌ಗೆ ಒಂದು ಚಿಕ್ಕ ಪರೀಕ್ಷೆ

ಮೇಲಿನ ಫೈಲ್ ಅನ್ನೇ ಡೇಟಾಬೇಸ್‌ಗೆ ತುಂಬುವ ಪ್ರೋಗ್ರಾಂ ಬರೆಯಿರಿ. ಎರಡು ಸಲ ಓಡಿಸಿ. 20,631 ಸಾಲೇ ಉಳಿದಿದ್ದರೆ ಸರಿ. 41,262 ಆಗಿದ್ದರೆ ನಿಮಗೆ ಮೊದಲ ಪಾಠ ಸಿಕ್ಕಿತು. ಆಮೇಲೆ ಪ್ರೋಗ್ರಾಂ ಓಡುತ್ತಿರುವಾಗ ಅರ್ಧಕ್ಕೆ ಬೇಕಂತಲೇ ನಿಲ್ಲಿಸಿ, ಮತ್ತೆ ಓಡಿಸಿ. ಎಷ್ಟು ಸಲ, ಎಲ್ಲಿ ನಿಲ್ಲಿಸಿದರೂ ಕೊನೆಗೆ ಅದೇ ಸಂಖ್ಯೆ ಬರುವ ಹಾಗೆ ಮಾಡಲು ನಿಮಗೆ ಖುಷಿಯಾದರೆ ಈ ದಾರಿ ನೋಡಬಹುದು. ಮಾಡೆಲ್ ಕಡೆಗಿಂತ ಇಲ್ಲಿ ನೂಕುನುಗ್ಗಲು ಕಡಿಮೆ ಅಂತ ನನ್ನ ಅನುಭವ. ಆದರೆ ಇಲ್ಲಿ ನಿಮ್ಮ ಸ್ಪರ್ಧೆ ಸಾಫ್ಟ್‌ವೇರ್‌ನವರ ಜೊತೆ, ಮತ್ತು ನಿಮ್ಮ ಪದವಿಯ ವಿಷಯ ಇಲ್ಲಿ ಹೆಚ್ಚೇನೂ ಲೆಕ್ಕಕ್ಕೆ ಬರುವುದಿಲ್ಲ.

ಎಷ್ಟು ಕಾಲ, ಯಾವಾಗ ನಿಲ್ಲಿಸಬೇಕು

ಇದು ನನ್ನ ಅಂದಾಜು, ನೋಡಿದ ಜನರ ಮೇಲೆ ಹೇಳುತ್ತಿರುವುದು. ಕೆಲಸ ಮಾಡಿಕೊಂಡೇ ವಾರಕ್ಕೆ ಹತ್ತು ಗಂಟೆ ಕೊಟ್ಟರೆ ಆರು ತಿಂಗಳಲ್ಲಿ 260 ಗಂಟೆ ಆಗುತ್ತದೆ. ಎಕ್ಸೆಲ್ ಚೆನ್ನಾಗಿ ಬರುವವರಿಗೆ ಅನಲಿಸ್ಟ್ ಸಂದರ್ಶನಕ್ಕೆ ಹೋಗಲು ಅಷ್ಟು ಸಾಕಾಗುತ್ತದೆ. ಅದರಲ್ಲಿ ಅರ್ಧ ಎಸ್‌ಕ್ಯೂಎಲ್‌ಗೇ ಇಡಿ. ಕೋಡ್ ಬರೆದೇ ಇರದವರಿಗೆ ಡೇಟಾ ಎಂಜಿನಿಯರ್ ದಾರಿಗೆ ಅದರ ಎರಡರಷ್ಟು ಬೇಕು. ಸೈಂಟಿಸ್ಟ್ ಹುದ್ದೆಗೆ ಹೊರಗಿನಿಂದ ಸೀದಾ ಹಾರುವುದಕ್ಕಿಂತ ಒಂದೆರಡು ವರ್ಷ ಬೇರೆ ಮೂರರಲ್ಲಿ ಒಂದು ಕೆಲಸ ಮಾಡಿ ಒಳಗಿನಿಂದ ಸರಿಯುವವರೇ ಹೆಚ್ಚು ಗೆದ್ದಿದ್ದನ್ನು ನೋಡಿದ್ದೇನೆ. ನಾಲ್ಕನೇ ದಾರಿಗೆ ಕಾಲದ ಲೆಕ್ಕವೇ ಬೇರೆ, ಇವತ್ತಿನ ಕೆಲಸದಲ್ಲೇ ಅದನ್ನು ಶುರು ಮಾಡಬಹುದು. ಈಗಿನ ಜಾಗದಲ್ಲಿ ಯಾವುದಾದರೂ ಲಾಗ್, ರೀಡಿಂಗ್, ತಪಾಸಣೆ ಪಟ್ಟಿ ಧೂಳು ಹಿಡಿದು ಕೂತಿರುತ್ತದೆ. ಅದರ ಮೇಲೆ ಒಂದು ಪ್ರಶ್ನೆಗೆ ಉತ್ತರ ಹುಡುಕಿ, ಆ ಉತ್ತರದಿಂದ ಯಾರಾದರೂ ಒಂದು ತೀರ್ಮಾನ ಬದಲಿಸಿದರೆ, ಹತ್ತು ಸರ್ಟಿಫಿಕೇಟ್‌ಗಿಂತ ಆ ಒಂದು ಸಾಲು ರೆಸ್ಯೂಮ್‌ನಲ್ಲಿ ಹೆಚ್ಚು ಮಾತಾಡುತ್ತದೆ. ಡೇಟಾ ಹೊರಗೆ ಕೊಂಡೊಯ್ಯುವ ಮುಂಚೆ ಮೇಲಿನವರ ಅನುಮತಿ ಮಾತ್ರ ಮರೆಯಬೇಡಿ.

ನಿಲ್ಲಿಸುವ ಗುರುತನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ನಾಲ್ಕನೇ ವಾರದ ಕೊನೆಗೆ ಮೇಲಿನ ಯಂತ್ರಗಳ ಲೆಕ್ಕದಲ್ಲಿ ಏನು ತಪ್ಪಾಯಿತು ಅಂತ ಇನ್ನೊಬ್ಬರಿಗೆ ಬಿಡಿಸಿ ಹೇಳಲು ಬರಬೇಕು. ಮೂರನೇ ತಿಂಗಳಿಗೆ ಯಾರೂ ಹೇಳಿಕೊಡದ ಒಂದು ಡೇಟಾ ತೆಗೆದುಕೊಂಡು ಕೊನೆ ಮುಟ್ಟಿಸಿರಬೇಕು. ವೀಡಿಯೊ ನೋಡುತ್ತಾ ಅದರ ಕೋಡ್ ಟೈಪ್ ಮಾಡಿದ್ದು ಲೆಕ್ಕಕ್ಕಿಲ್ಲ. ಆರನೇ ತಿಂಗಳಿಗೆ ಸಂದರ್ಶನದವರೆಗಾದರೂ ಕರೆ ಬರಬೇಕು. ಕರೆಯೇ ಬರದಿದ್ದರೆ ತೊಂದರೆ ರೆಸ್ಯೂಮ್‌ನಲ್ಲೋ ಆರಿಸಿದ ದಾರಿಯಲ್ಲೋ ಇರಬಹುದು. ಕರೆ ಬಂದು ಪ್ರತಿ ಸಲ ಎಸ್‌ಕ್ಯೂಎಲ್ ಸುತ್ತಿನಲ್ಲೇ ಬೀಳುತ್ತಿದ್ದರೆ ಅದು ಅಭ್ಯಾಸದ ವಿಷಯ, ಇನ್ನೆರಡು ತಿಂಗಳು ಕೊಡಬಹುದು. ಎರಡಕ್ಕೂ ಮದ್ದು ಬೇರೆ. ಎರಡಕ್ಕೂ ಇನ್ನೊಂದು ಕೋರ್ಸ್ ಸೇರುವವರೇ ಜಾಸ್ತಿ.

ಈಗಿನ ಕೆಲಸ ಬಿಟ್ಟು ಪೂರ್ತಿ ಹೊತ್ತು ಓದಲು ಕೂರಬೇಕಾ ಅಂತ ಕೇಳುತ್ತಾರೆ. ಎರಡೂ ಪರೀಕ್ಷೆ ಮುಗಿಸುವ ಮುಂಚೆ ಬೇಡ ಅನ್ನುತ್ತೇನೆ.

ಜಾಹೀರಾತು ಓದುವ ಬಗೆ

ಹುದ್ದೆಯ ಹೆಸರನ್ನು ನಂಬಬೇಡಿ. ಡೇಟಾ ಸೈಂಟಿಸ್ಟ್ ಅಂತ ಕರೆದು ದಿನವಿಡೀ ಡ್ಯಾಶ್‌ಬೋರ್ಡ್ ಮಾಡಿಸುವ ಕಡೆಗಳಿವೆ, ಅನಲಿಸ್ಟ್ ಅಂತ ಕರೆದು ಒಳ್ಳೆಯ ಪ್ರಯೋಗಗಳನ್ನು ಕೈಗೆ ಕೊಡುವ ಕಡೆಗಳೂ ಇವೆ. ಇಪ್ಪತ್ತು ಜಾಹೀರಾತು ತೆಗೆದು, ಹೆಸರಿನ ಸಾಲು ಮುಚ್ಚಿಟ್ಟು, ಕೆಲಸದ ಸಾಲುಗಳನ್ನು ಮಾತ್ರ ಓದಿ. ವರದಿ, ಡ್ಯಾಶ್‌ಬೋರ್ಡ್, ಇಲಾಖೆಗಳ ಜೊತೆ ಮಾತುಕತೆ ಅಂತಿದ್ದರೆ ಅನಲಿಸ್ಟ್. ಪೈಪ್‌ಲೈನ್, ವೇರ್‌ಹೌಸ್, ಏರ್‌ಫ್ಲೋ, ಸ್ಪಾರ್ಕ್ ಅಂತಿದ್ದರೆ ಡೇಟಾ ಎಂಜಿನಿಯರ್. ಪ್ರಯೋಗ, ಮುನ್ಸೂಚನೆ, ಮಾಡೆಲ್‌ನ ಅಳತೆ ಅಂತಿದ್ದರೆ ಸೈಂಟಿಸ್ಟ್. ಸೆನ್ಸರ್, ಸ್ಥಾವರ, ಗುಣಮಟ್ಟ, ಬಿಡಿಭಾಗ ಅನ್ನುವ ಪದಗಳ ಜೊತೆ ಪೈಥಾನ್ ಎಲ್ಲೋ ಒಂದು ಮೂಲೆಯಲ್ಲಿ ಕೂತಿದ್ದರೆ ಅದು ನಾಲ್ಕನೆಯದು, ಅದನ್ನು ಬೇರೆಯಾಗಿ ಎತ್ತಿಡಿ.

ಸಂದರ್ಶನದ ಕೊನೆಯಲ್ಲಿ "ನಿಮಗೇನಾದರೂ ಕೇಳುವುದಿದೆಯಾ?" ಅನ್ನುತ್ತಾರಲ್ಲ, ಆಗ ಹೀಗೆ ಕೇಳಿ: "ಇತ್ತೀಚೆಗೆ ನಿಮ್ಮ ತಂಡದಲ್ಲಿ ಯಾವ ಸಂಖ್ಯೆ ತಪ್ಪಾಗಿತ್ತು, ಅದನ್ನು ಯಾರು ಕಂಡುಹಿಡಿದರು?" ಸಾಲುಗಳು ಎರಡೆರಡು ಸಲ ಬಂದಿದ್ದವು, ನಾವೇ ಹಿಡಿದೆವು ಅಂದರೆ ಅಲ್ಲಿ ಕಲಿಯಬಹುದು. ಬಳಸುವವರು ಫೋನ್ ಮಾಡಿ ಹೇಳಿದ ಮೇಲೆ ಗೊತ್ತಾಯಿತು ಅಂದರೂ ಪರವಾಗಿಲ್ಲ, ಮೊದಲ ವರ್ಷ ನಿಮ್ಮ ಕೆಲಸ ಏನಿರುತ್ತದೆ ಅಂತ ಗೊತ್ತಾಯಿತಲ್ಲ. ನಮ್ಮಲ್ಲಿ ಸಂಖ್ಯೆ ತಪ್ಪಾಗುವುದೇ ಇಲ್ಲ ಅಂದರೆ, ಬೇರೆ ಕಡೆಯಿಂದ ಇನ್ನೊಂದು ಕರೆ ಬರುವವರೆಗೆ ಕಾಯುವುದು ಒಳ್ಳೆಯದು.